ಸುದ್ದಿಪತ್ರದಲ್ಲಿ ಬಾಕಿ ಶುಲ್ಕದ ಸೂಚನೆ: ಯಾರ ಮಾನವನ್ನೂ ಹರಾಜಿಗಿಡದೆ ಬಿಗಿಯಾಗಿ ಬರೆಯುವುದು ಹೇಗೆ?

ಹೊಸ ಕಾರ್ಯದರ್ಶಿ

ನಮ್ಮದು 96 ಮನೆಗಳ ಸಮುಚ್ಚಯ. ನಿವಾಸಿಗಳ ಸಂಘದ ಕಾರ್ಯದರ್ಶಿತ್ವ ಕಳೆದ ತಿಂಗಳಷ್ಟೇ ನನ್ನ ಹೆಗಲಿಗೆ ಬಿತ್ತು, ಅದರ ಜೊತೆಗೆ ಮಾಸಿಕ ಸುದ್ದಿಪತ್ರವೂ ಬಂತು. ಹಿಂದಿನವರು ಬರೆದಿಟ್ಟುಹೋದ ಒಂದು ಸೂಚನೆಯನ್ನು ಇಲ್ಲಿ ಹಾಗೆಯೇ ಕೊಡುತ್ತಿದ್ದೇನೆ.

«ಎಷ್ಟು ಬಾರಿ ಮನವಿ ಮಾಡಿದರೂ ಕೆಲವರು ನಿರ್ವಹಣಾ ಶುಲ್ಕ ಕಟ್ಟದೆ ನುಣುಚಿಕೊಳ್ಳುತ್ತಿರುವುದು ನಾಚಿಕೆಗೇಡಿನ ಸಂಗತಿ. ಬೇರೆಯವರ ದುಡ್ಡಿನಲ್ಲಿ ಲಿಫ್ಟು ಹತ್ತುವವರಿಗೆ ಆತ್ಮಸಾಕ್ಷಿ ಇರಬೇಕು. ಈ ಕೆಳಗಿನ ಮನೆಗಳವರು ಕೂಡಲೇ ಬಾಕಿ ತೀರಿಸತಕ್ಕದ್ದು. ತಪ್ಪಿದಲ್ಲಿ ಕಠಿಣ ಕ್ರಮ ಜರುಗಿಸಲಾಗುವುದು.»

ಇದರ ಕೆಳಗೆ 12 ಮನೆಗಳ ಸಂಖ್ಯೆ ಮತ್ತು ಎದುರಿಗೆ ಮೊತ್ತ. ಈ ಪತ್ರ ಪ್ರತಿ ಮನೆಗೆ ಹೋಗುವುದಲ್ಲದೆ ಲಿಫ್ಟಿನ ಪಕ್ಕದ ಫಲಕದಲ್ಲೂ ಒಂದು ತಿಂಗಳು ಇರುತ್ತದೆ. ಹಾಗೆಯೇ ಅಚ್ಚಿಗೆ ಕಳುಹಿಸಲು ನನಗೆ ಮನಸ್ಸೊಪ್ಪಲಿಲ್ಲ. ಪಟ್ಟಿಯನ್ನು ತೆಗೆದು ಹೀಗೆ ಬರೆದೆ: «ಶುಲ್ಕವನ್ನು ಇನ್ನೂ ಪಾವತಿಸದವರು ದಯವಿಟ್ಟು ಸಾಧ್ಯವಾದಷ್ಟು ಬೇಗ ಪಾವತಿಸಿ ಸಹಕರಿಸಬೇಕಾಗಿ ಸವಿನಯ ವಿನಂತಿ.» ಅದನ್ನು ಓದಿದ ಖಜಾಂಚಿಯವರು, ಇದು ಬಾಕಿ ಕೇಳುವ ಸೂಚನೆಯೋ ಮದುವೆಯ ಕರೆಯೋಲೆಯೋ ಎಂದು ನಕ್ಕುಬಿಟ್ಟರು. ಅಚ್ಚಿಗೆ ಹೋಗಲು ನಾಲ್ಕು ದಿನ ಉಳಿದಿದೆ. ಈ ಎರಡರ ನಡುವೆ ಏನು ಬರೆಯಬಹುದು?

ನೇರನುಡಿ

ಹಿಂದಿನವರು ಬರೆದದ್ದರಲ್ಲಿ ತಪ್ಪೇನಿದೆ? ಕಟ್ಟದವರಿಗೆ ಇಲ್ಲದ ನಾಚಿಕೆ ಕೇಳುವ ನಮಗೇಕೆ? ನಮ್ಮ ಸಂಘದಲ್ಲಿ ಪಟ್ಟಿ ಅಂಟಿಸಿದ ಒಂದೇ ವಾರದಲ್ಲಿ ನಾಲ್ಕು ಮನೆಯವರು ಬಂದು ಕಟ್ಟಿದರು.

ಬಾಡಿಗೆಮನೆ

ನೇರನುಡಿಯವರೇ, ಆ ಪಟ್ಟಿಯಲ್ಲಿ ಕಾಣಿಸಿಕೊಂಡವರ ಅನುಭವವನ್ನೂ ಸ್ವಲ್ಪ ಕೇಳಿ. ನಾವು ಬಾಡಿಗೆಗೆ ಇದ್ದ ಮನೆಯ ಸಂಖ್ಯೆ ಒಮ್ಮೆ ಇಂಥದೇ ಫಲಕದಲ್ಲಿ ಬಂದಿತ್ತು. ನಾವು ತಿಂಗಳು ತಪ್ಪದೆ ಬಾಡಿಗೆಯ ಜೊತೆಗೆ ನಿರ್ವಹಣಾ ಶುಲ್ಕವನ್ನೂ ಮಾಲೀಕರಿಗೆ ಕೊಡುತ್ತಿದ್ದೆವು, ಅವರು ಅದನ್ನು ಸಂಘಕ್ಕೆ ಕಟ್ಟಿರಲಿಲ್ಲ. ಮಾಲೀಕರು ಇದ್ದದ್ದು ಬೇರೆ ಊರಿನಲ್ಲಿ, ಫಲಕವನ್ನು ಅವರು ಕಣ್ಣಿನಿಂದಲೂ ನೋಡಲಿಲ್ಲ. ಪ್ರತಿದಿನ ಲಿಫ್ಟಿಗೆ ಕಾಯುತ್ತ ಅದರ ಎದುರು ನಿಲ್ಲಬೇಕಾದವರು ನಾವು. ಹತ್ತು ವರ್ಷದ ಮಗಳು ಒಂದು ಸಂಜೆ ಆಟದಿಂದ ಅರ್ಧಕ್ಕೇ ಎದ್ದುಬಂದು, «ನಾವು ಯಾರಿಗೆ ದುಡ್ಡು ಕೊಡಬೇಕಮ್ಮ?» ಎಂದು ಕೇಳಿದಳು. ಸಂಘವು ಮುಂದಿನ ತಿಂಗಳು ಸಂಖ್ಯೆಯನ್ನು ತೆಗೆಯಿತು. ಆದರೆ ಹಾಕಿದ್ದು ತಪ್ಪಾಗಿತ್ತು ಎಂದು ಎಲ್ಲೂ ಬರೆಯಲಿಲ್ಲ.

ನೇರನುಡಿ

ಅದು ನಿಮ್ಮ ಮಾಲೀಕರ ತಪ್ಪು, ಪಟ್ಟಿಯ ತಪ್ಪಲ್ಲ. ಆದರೂ ಒಪ್ಪಿಕೊಳ್ಳೋಣ, ಹೆಸರು ಬೇಡ. ಮನೆ ಸಂಖ್ಯೆ ಮಾತ್ರ ಇರಲಿ. ಸಂಖ್ಯೆ ಹಾಕಿದರೆ ಯಾರ ಹೆಸರನ್ನೂ ಹೇಳಿದಂತಾಗುವುದಿಲ್ಲವಲ್ಲ.

ಮೂರನೇ ಮಹಡಿ

ಮನೆಯ ಬಾಗಿಲ ಮೇಲೆ ಸಂಖ್ಯೆ, ಅದರ ಪಕ್ಕದಲ್ಲೇ ಹೆಸರಿನ ಫಲಕ. ಇವೆರಡರ ನಡುವಿನ ಅಂತರ ಗೇಣುದ್ದ.

ಲೆಕ್ಕದ ಪುಸ್ತಕ

ಇಪ್ಪತ್ತು ವರ್ಷ ಬೇರೆ ಬೇರೆ ಸಂಘಗಳ ಲೆಕ್ಕ ಬರೆದವನು ನಾನು. ಭಾಷೆಯ ಪ್ರಶ್ನೆಗೆ ಹೋಗುವ ಮೊದಲು ಒಂದು ಮಾತು ಕೇಳುತ್ತೇನೆ: ಆ ಹನ್ನೆರಡು ಮನೆಗಳ ಪಟ್ಟಿ ನಿಜವೇ?

ಬ್ಯಾಂಕಿನ ಖಾತೆಗೆ ನೇರವಾಗಿ ಹಣ ಹಾಕುವವರಲ್ಲಿ ಹಲವರು ಮನೆ ಸಂಖ್ಯೆಯನ್ನು ನಮೂದಿಸುವುದಿಲ್ಲ. ಕೆಲವರ ಹಣ ಮಗನ ಖಾತೆಯಿಂದಲೋ ತಂಗಿಯ ಖಾತೆಯಿಂದಲೋ ಬರುತ್ತದೆ, ಆ ಹೆಸರು ಸಂಘದ ವಹಿಯಲ್ಲಿ ಎಲ್ಲೂ ಇರುವುದಿಲ್ಲ. ಇಂಥ ಜಮೆಗಳೆಲ್ಲ «ಗುರುತಿಸದ ಜಮೆ» ಎಂಬ ಸಾಲಿನಲ್ಲಿ ಕುಳಿತಿರುತ್ತವೆ, ಮತ್ತು ಆ ಮನೆ ಬಾಕಿ ಪಟ್ಟಿಯಲ್ಲಿ ಕುಳಿತಿರುತ್ತದೆ. ಇವತ್ತೇ ಖಜಾಂಚಿಯವರ ಬಳಿ ಬ್ಯಾಂಕ್ ಪಾಸ್‌ಬುಕ್ಕಿನ ಕಳೆದ ಮೂರು ತಿಂಗಳ ನಮೂದುಗಳನ್ನು ಇಟ್ಟುಕೊಂಡು ಕುಳಿತುಕೊಳ್ಳಿ. ಒಂದು ತಿಂಗಳ ಅಥವಾ ಮೂರು ತಿಂಗಳ ಶುಲ್ಕಕ್ಕೆ ಸರಿಯಾಗಿ ಹೊಂದುವ, ಆದರೆ ಯಾರ ಹೆಸರಿಗೂ ಏರಿಸದ ಮೊತ್ತಗಳನ್ನು ಹುಡುಕಿ. ಸಿಕ್ಕೇ ಸಿಗುತ್ತವೆ. ಎರಡನೆಯದಾಗಿ, ಲೆಕ್ಕವನ್ನೇ ಪ್ರಶ್ನಿಸಿ ಬರೆದುಕೊಟ್ಟವರು ಯಾರಾದರೂ ಆ ಪಟ್ಟಿಯಲ್ಲಿದ್ದಾರೆಯೇ ನೋಡಿ. ಆಕ್ಷೇಪಣೆಗೆ ಸಮಿತಿ ಉತ್ತರವನ್ನೇ ಕೊಡದಿರುವಾಗ ಅವರನ್ನು ಕಟ್ಟದವರ ಸಾಲಿಗೆ ಸೇರಿಸುವುದು ನ್ಯಾಯವಲ್ಲ.

ಗಣಿತಪ್ರಿಯ

ತಡವಾದ ಶುಲ್ಕಕ್ಕೆ ಬಡ್ಡಿಯನ್ನು ಸರಳವಾಗಿ ಹಾಕಬೇಕೋ ಚಕ್ರಬಡ್ಡಿಯೋ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ ಎಂದು ನನಗನ್ನಿಸುತ್ತದೆ. ಚಕ್ರಬಡ್ಡಿ ಹಾಕಿದರೆ ಯಾರೂ ತಡಮಾಡುವುದಿಲ್ಲ.

ಲೆಕ್ಕದ ಪುಸ್ತಕ

ಅದು ಇಲ್ಲಿನ ಪ್ರಶ್ನೆಯೇ ಅಲ್ಲ, ಸ್ವಾಮಿ. ಬಡ್ಡಿಯ ಬಗ್ಗೆ ಸಂಘದ ಉಪನಿಯಮದಲ್ಲಿ ಏನು ಬರೆದಿದೆಯೋ ಅಷ್ಟೇ. ಸುದ್ದಿಪತ್ರ ಬರೆಯುವವರು ಹೊಸದಾಗಿ ಬಡ್ಡಿ ಹುಟ್ಟಿಸುವಂತಿಲ್ಲ.

ಕರಡು ತಿದ್ದುವವಳು

ಕಾರ್ಯದರ್ಶಿಯವರೇ, ನಿಮ್ಮ ಎರಡೂ ಪಠ್ಯಗಳಲ್ಲಿ ಇರುವುದು ಒಂದೇ ದೋಷ ಎಂದರೆ ನೀವು ನಂಬಲಿಕ್ಕಿಲ್ಲ. ಮೊದಲನೆಯದು ಬೈಯುತ್ತದೆ, ಎರಡನೆಯದು ಕೈಮುಗಿಯುತ್ತದೆ, ಆದರೆ ಎಷ್ಟನೇ ತಾರೀಖಿನೊಳಗೆ ಕಟ್ಟಬೇಕು ಎಂಬುದನ್ನು ಎರಡೂ ಹೇಳುವುದಿಲ್ಲ. «ಕೂಡಲೇ» ಎಂಬುದು ತಾರೀಖಲ್ಲ, «ಸಾಧ್ಯವಾದಷ್ಟು ಬೇಗ» ಎಂಬುದೂ ಅಲ್ಲ. ಬಿಗಿ ಬರುವುದು ತಾರೀಖಿನಿಂದ, ಮತ್ತು ಆ ತಾರೀಖಿನ ಮರುದಿನ ಏನಾಗುತ್ತದೆ ಎಂಬ ಖಚಿತವಾದ ಒಂದು ವಾಕ್ಯದಿಂದ.

ಮೊದಲ ಪಠ್ಯವನ್ನು ಪದಪದವಾಗಿ ನೋಡಿ. «ಕೆಲವರು» ಎಂದು ಬರೆದ ಕೂಡಲೇ ಓದುವವರು ಅಕ್ಕಪಕ್ಕದ ಬಾಗಿಲುಗಳತ್ತ ತಿರುಗುತ್ತಾರೆ. ನಿಜವಾಗಿ ಕಟ್ಟಬೇಕಾದವರು ಇದು ತಮಗಲ್ಲವೆಂದು ಮುಂದಿನ ಪುಟಕ್ಕೆ ಹೋಗುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಇಲ್ಲಿ ತಲೆಕೆಳಗಾಗುತ್ತದೆ, ಹೆಗಲು ಮುಟ್ಟಿ ನೋಡಿಕೊಳ್ಳುವವರೆಲ್ಲ ಎರಡು ದಿನ ತಡವಾಗಿ ಕಟ್ಟಿದ ಪಾಪದವರು. «ನುಣುಚಿಕೊಳ್ಳುವುದು» ಎಂಬ ಮಾತು ಉದ್ದೇಶವನ್ನು ಆರೋಪಿಸುತ್ತದೆ. ಸಂಘಕ್ಕೆ ಗೊತ್ತಿರುವುದು ಹಣ ಬಂದಿಲ್ಲ ಎಂಬುದು ಮಾತ್ರ, ಏಕೆ ಬಂದಿಲ್ಲ ಎಂಬುದಲ್ಲ. ಆದ್ದರಿಂದ «ಕಟ್ಟದವರು» ಎಂದು ವ್ಯಕ್ತಿಗಳನ್ನು ಕರ್ತೃಪದವಾಗಿ ಕೂರಿಸುವುದನ್ನು ಬಿಟ್ಟು, «ಸಂದಾಯವಾಗಬೇಕಿರುವ ಶುಲ್ಕ» ಎಂದು ಹಣವನ್ನು ಆ ಜಾಗದಲ್ಲಿ ಕೂರಿಸಿ. ವಾಕ್ಯ ಮೃದುವಾಗುವುದಿಲ್ಲ, ಅದರ ಬೆರಳು ಮಾತ್ರ ಮಡಚಿಕೊಳ್ಳುತ್ತದೆ.

ಕೊನೆಯ ವಾಕ್ಯದಲ್ಲಿ ಇದಕ್ಕೆ ವಿರುದ್ಧವಾದ ತಿದ್ದುಪಡಿ ಬೇಕು. «ಕಠಿಣ ಕ್ರಮ ಜರುಗಿಸಲಾಗುವುದು» ಎಂಬಲ್ಲಿ ಜರುಗಿಸುವವರು ಯಾರು? ಯಾರೂ ಇಲ್ಲ. ಕರ್ತೃವಿಲ್ಲದ ಬೆದರಿಕೆಗೆ ಯಾರೂ ಹೆದರುವುದಿಲ್ಲ. ಅಲ್ಲಿ «ಸಮಿತಿಯು» ಎಂದು ಬರೆದು, ಸಮಿತಿಯು ಮಾಡುವ ಕೆಲಸವನ್ನು ಹೆಸರಿಸಿ.

ನೇರನುಡಿ

ಹಣಕ್ಕೆ ಕಾಲಿಲ್ಲ, ತಾನಾಗಿಯೇ ಸಂದಾಯವಾಗುವುದಿಲ್ಲ. ಇದು ವ್ಯಾಕರಣದ ಮರೆಯಲ್ಲಿ ಮುಖ ಉಳಿಸುವ ಉಪಾಯ.

ಕರಡು ತಿದ್ದುವವಳು

ಹೌದು, ಮುಖ ಉಳಿಸುವ ಉಪಾಯವೇ. ಮುಖ ಉಳಿದವರು ಕಚೇರಿಗೆ ಬಂದು ಕಂತು ಕೇಳುತ್ತಾರೆ, ಕಳೆದುಕೊಂಡವರು ಮೆಟ್ಟಿಲು ಬದಲಾಯಿಸುತ್ತಾರೆ.

ಮಲ್ಲಿಗೆ ಬಳ್ಳಿ

ಜಗಳವೇಕೆ? ಕಟ್ಟಿದವರ ಪಟ್ಟಿಯನ್ನು ಪ್ರಕಟಿಸಿ ಅವರಿಗೆ ಧನ್ಯವಾದ ಹೇಳಿ. ಯಾರಿಗೂ ನೋವಾಗುವುದಿಲ್ಲ, ಉಳಿದವರಿಗೆ ಸೂಚನೆ ತಲುಪುತ್ತದೆ.

ಮೂರನೇ ಮಹಡಿ

96ರಿಂದ 84 ಕಳೆಯಲು ಬರುವವರಿಗೆ ಆ ಧನ್ಯವಾದವೇ ಬಾಕಿ ಪಟ್ಟಿ.

ಮಲ್ಲಿಗೆ ಬಳ್ಳಿ

ಅದು ಹೊಳೆಯಲೇ ಇಲ್ಲ. ಹಾಗಾದರೆ ಧನ್ಯವಾದವನ್ನು ಹೆಸರುಗಳಿಲ್ಲದೆ ಒಂದು ಸಾಲಿನಲ್ಲಿ ಹೇಳಬಹುದು.

ಹಳೆಯ ಅಧ್ಯಕ್ಷ

ಒಂದು ಕ್ರಮದ ಮಾತು ಯಾರೂ ಎತ್ತಿಲ್ಲ. ತನ್ನ ಮನೆಗೆ ಬಾಕಿ ಇದೆ ಎಂಬುದನ್ನು ಯಾವ ನಿವಾಸಿಯೂ ಸುದ್ದಿಪತ್ರದಿಂದ ಮೊದಲು ತಿಳಿಯಬಾರದು. ಸುದ್ದಿಪತ್ರ ಮನೆ ತಲುಪುವ ಏಳು ದಿನ ಮೊದಲಾದರೂ, ಬಾಕಿಯಿರುವ ಪ್ರತಿ ಮನೆಗೆ ಮುಚ್ಚಿದ ಲಕೋಟೆಯಲ್ಲಿ ಒಂದು ಪತ್ರ ಹೋಗಬೇಕು: ಯಾವ ಯಾವ ತಿಂಗಳದ್ದು, ಎಷ್ಟು, ಕೊನೆಯ ಜಮೆ ಎಂದು ಬಂತು, ಲೆಕ್ಕ ಸರಿಯಿಲ್ಲವೆನಿಸಿದರೆ ಯಾರನ್ನು ಕಾಣಬೇಕು. ಮೊತ್ತವನ್ನು ನೇರವಾಗಿ ಹೇಳಬೇಕಾದ ಜಾಗ ಆ ಪತ್ರ. ಬಾಡಿಗೆಗೆ ಕೊಟ್ಟ ಮನೆಯಾದರೆ ಪತ್ರ ಹೋಗಬೇಕಾದದ್ದು ಮಾಲೀಕರ ವಿಳಾಸಕ್ಕೆ, ಬಾಗಿಲ ಸಂದಿಗೆ ಅಲ್ಲ. ಬಾಡಿಗೆಮನೆಯವರ ಕಥೆಯಲ್ಲಿ ಆದ ಎಡವಟ್ಟು ಅದೇ.

ಸುದ್ದಿಪತ್ರಕ್ಕೆ ಉಳಿಯುವುದು ಎಲ್ಲರಿಗೂ ಒಂದೇ ಆಗಿರುವ ಸಂಗತಿಗಳು ಮಾತ್ರ, ಅಂದರೆ ಗಡುವು, ಆಕ್ಷೇಪಣೆಯ ದಾರಿ, ಗಡುವಿನ ನಂತರದ ಹೆಜ್ಜೆ. ನಾನು ಅಧ್ಯಕ್ಷನಾಗಿದ್ದಾಗ ಈ ಕ್ರಮವನ್ನು ತಿರುವುಮುರುವು ಮಾಡಿ ಒಮ್ಮೆ ಸರಿಯಾಗಿ ಪೆಟ್ಟು ತಿಂದಿದ್ದೇನೆ. ಮೊದಲು ಫಲಕದಲ್ಲಿ ಬರೆದೆವು, ಆಮೇಲೆ ಪತ್ರ ಕೊಟ್ಟೆವು. ಪತ್ರವನ್ನು ಯಾರೂ ತೆರೆಯಲಿಲ್ಲ, ಏಕೆಂದರೆ ಅಷ್ಟರಲ್ಲಿ ಜಗಳ ಬಾಕಿಯಿಂದ ಫಲಕಕ್ಕೆ ಹೊರಳಿತ್ತು. ಮುಂದಿನ ಸರ್ವಸದಸ್ಯರ ಸಭೆಯ ಒಂದು ಗಂಟೆಯೂ ಅದರಲ್ಲೇ ಕಳೆಯಿತು.

ನೇರನುಡಿ

ಸಭೆಯ ವಿಷಯ ಎತ್ತಿದ್ದೀರಿ. ವಾರ್ಷಿಕ ಲೆಕ್ಕಪತ್ರದಲ್ಲಿ ಬಾಕಿಗಳನ್ನು ಸದಸ್ಯರ ಮುಂದೆ ಇಡುತ್ತೀರಲ್ಲವೇ? ಅಲ್ಲಿ ಆಗದ ಅವಮಾನ ಇಲ್ಲೇಕೆ ಆಗುತ್ತದೆ?

ಹಳೆಯ ಅಧ್ಯಕ್ಷ

ಸಭೆಯಲ್ಲಿ ಕುಳಿತವರು ಸದಸ್ಯರು, ಲೆಕ್ಕ ಕೇಳುವ ಹಕ್ಕುಳ್ಳವರು, ಮತ್ತು ಬಾಕಿಯಿರುವವರು ಅಲ್ಲೇ ಎದ್ದುನಿಂತು ಉತ್ತರ ಕೊಡಬಹುದು. ಲಿಫ್ಟಿನ ಫಲಕವನ್ನು ಪಾರ್ಸೆಲ್ ತರುವವರಿಂದ ಹಿಡಿದು ಮಗಳಿಗೆ ಸಂಬಂಧ ನೋಡಲು ಬಂದವರ ತನಕ ಎಲ್ಲರೂ ಓದುತ್ತಾರೆ. ಹೆಸರಿನ ಪಟ್ಟಿಯನ್ನು ಸಭೆಯ ಮುಂದೆ ಇಡಬಹುದೇ ಎಂಬುದನ್ನೂ ಆಯಾ ಸಂಘದ ಉಪನಿಯಮ ಮತ್ತು ಅಲ್ಲಲ್ಲಿನ ಕಾನೂನು ನೋಡಿಯೇ ನಿರ್ಧರಿಸಬೇಕು.

ಹೊಸ ಕಾರ್ಯದರ್ಶಿ

ನಿನ್ನೆ ರಾತ್ರಿ ಖಜಾಂಚಿಯವರೊಡನೆ ಎರಡು ಗಂಟೆ ಕುಳಿತೆ. ಲೆಕ್ಕದ ಪುಸ್ತಕದವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಹನ್ನೆರಡರಲ್ಲಿ ಮೂರು ಮನೆಗಳ ಹಣ ಯಾವಾಗಲೋ ಬಂದುಬಿಟ್ಟಿದೆ. ಎರಡು ಜಮೆಗಳಲ್ಲಿ ಮನೆ ಸಂಖ್ಯೆಯೇ ಇರಲಿಲ್ಲ, ಮೂರನೆಯದರಲ್ಲಿ ಅಳಿಯನ ಹೆಸರಿತ್ತು. ಇನ್ನಿಬ್ಬರು ಲೆಕ್ಕದ ಬಗ್ಗೆ ಲಿಖಿತ ಆಕ್ಷೇಪಣೆ ಕೊಟ್ಟಿದ್ದಾರೆ, ಆ ಕಾಗದಗಳು ಹಿಂದಿನ ಕಾರ್ಯದರ್ಶಿಗಳ ಕಡತದಲ್ಲೇ ಇದ್ದವು. ಅಂದರೆ 87 ಮನೆಗಳು ಪೂರ್ತಿ ಕಟ್ಟಿವೆ, 2 ಆಕ್ಷೇಪಣೆಯಲ್ಲಿವೆ, ನಿಜವಾದ ಬಾಕಿ 7. ಆ ಪಟ್ಟಿಯನ್ನು ಅಚ್ಚು ಹಾಕಿಸಿದ್ದರೆ ಹನ್ನೆರಡರಲ್ಲಿ ಐದು ತಪ್ಪಾಗುತ್ತಿದ್ದವು ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಹೊಸ ಕರಡು ಹೀಗಿದೆ:

«ಕಳೆದ ಮೂರು ತಿಂಗಳ ನಿರ್ವಹಣಾ ಶುಲ್ಕವನ್ನು 96ರಲ್ಲಿ 87 ಮನೆಗಳು ಪೂರ್ತಿಯಾಗಿ ಪಾವತಿಸಿವೆ. ಮೇಲ್ಮಹಡಿಯ ಅಳತೆಗೆ ಸಂಬಂಧಿಸಿದ ಎರಡು ಆಕ್ಷೇಪಣೆಗಳು ಸಮಿತಿಯ ಮುಂದಿವೆ. ಉಳಿದ ಶುಲ್ಕ ಬಾರದ ಕಾರಣ ನೀರಿನ ಪಂಪಿನ ದುರಸ್ತಿ ಮುಂದಕ್ಕೆ ಹೋಗಿದೆ. ಬಾಕಿಯನ್ನು ಮುಂದಿನ ತಿಂಗಳ 15ರೊಳಗೆ ಪಾವತಿಸಬೇಕು. ಆ ನಂತರ ಸಮಿತಿಯು ಸಂಬಂಧಪಟ್ಟ ಮನೆಗಳ ನೀರಿನ ಸಂಪರ್ಕವನ್ನು ಕಡಿತಗೊಳಿಸುತ್ತದೆ.»

ಮೂರನೇ ಮಹಡಿ

ಮೇಲ್ಮಹಡಿಯ ಅಳತೆ ಎಂದಿರಲ್ಲ, ಮೇಲ್ಮಹಡಿಯಲ್ಲಿ ಎಷ್ಟು ಮನೆಗಳಿವೆ?

ಹೊಸ ಕಾರ್ಯದರ್ಶಿ

ನಾಲ್ಕು. ಅರ್ಥವಾಯಿತು, ತೆಗೆಯುತ್ತೇನೆ.

ಲೆಕ್ಕದ ಪುಸ್ತಕ

ಪಂಪಿನ ದುರಸ್ತಿ ನಿಜವಾಗಿಯೂ ಈ ಬಾಕಿಯಿಂದಲೇ ನಿಂತಿತೇ? ಏಳು ಮನೆಗಳ ಮೂರು ತಿಂಗಳ ಶುಲ್ಕ ಎಂದರೆ ಆ ಅವಧಿಯ ಸಂಗ್ರಹದಲ್ಲಿ ನೂರಕ್ಕೆ ಸುಮಾರು ಏಳು ಭಾಗ, ಅದೂ ಎಲ್ಲ ಮನೆಗಳ ಶುಲ್ಕ ಸಮವಾಗಿದ್ದರೆ. ಅಷ್ಟಕ್ಕೆ ದುರಸ್ತಿ ನಿಲ್ಲುವಂತಿದ್ದರೆ ಸಂಘದ ಮೀಸಲು ನಿಧಿಯ ಬಗ್ಗೆಯೇ ನಾನು ಪ್ರಶ್ನೆ ಕೇಳುತ್ತೇನೆ, ಮತ್ತು ನಿಮ್ಮ ನಿವಾಸಿಗಳಲ್ಲೂ ಯಾರಾದರೊಬ್ಬರು ಕೇಳುತ್ತಾರೆ.

ಹೊಸ ಕಾರ್ಯದರ್ಶಿ

ವಿಚಾರಿಸಿದೆ. ನಿಜ ಹೇಳಬೇಕೆಂದರೆ ದುರಸ್ತಿಯವರು ಹೇಳಿದ ದಿನಕ್ಕೆ ಬಂದಿರಲಿಲ್ಲ, ಹಣದ ಅಡ್ಡಿ ಇರಲಿಲ್ಲ. ಆ ವಾಕ್ಯವನ್ನು ಹಳೆಯ ಕರಡಿನ ಟಿಪ್ಪಣಿಯಿಂದ ಎತ್ತಿಕೊಂಡಿದ್ದೆ. ಅದನ್ನೂ ತೆಗೆಯುತ್ತೇನೆ.

ಹಳೆಯ ಅಧ್ಯಕ್ಷ

ನೀರಿನ ಸಂಪರ್ಕದ ವಾಕ್ಯವನ್ನು ಅದಕ್ಕಿಂತ ಮೊದಲು ತೆಗೆಯಿರಿ. ಉಪನಿಯಮ ಕೊಡದ ಅಧಿಕಾರವನ್ನು ಸುದ್ದಿಪತ್ರದಲ್ಲಿ ಚಲಾಯಿಸಲು ಬರುವುದಿಲ್ಲ, ಮತ್ತು ನೀರಿನಂಥ ಅಗತ್ಯ ಸೇವೆಗೆ ಕೈಹಾಕಿದರೆ ಬಾಕಿಯಿರುವವರ ಬದಲು ಸಂಘವೇ ಕಟಕಟೆಯಲ್ಲಿ ನಿಲ್ಲಬೇಕಾದೀತು. ಸಮಿತಿ 16ನೇ ತಾರೀಖು ಖಂಡಿತವಾಗಿ ಮಾಡಬಲ್ಲದ್ದನ್ನು ಬರೆಯಿರಿ. ಲಿಖಿತ ನೋಟಿಸು ಕಳುಹಿಸುವುದಾದರೆ ನೋಟಿಸು, ಉಪನಿಯಮದಲ್ಲಿ ವಿಳಂಬ ಶುಲ್ಕವಿದ್ದರೆ ಆ ನಿಯಮದ ಸಂಖ್ಯೆ. ಸಣ್ಣ ಹೆಜ್ಜೆಯಾದರೂ ಹೇಳಿದ ದಿನವೇ ಇಟ್ಟರೆ ಮುಂದಿನ ಸಲದ ಸೂಚನೆಯನ್ನು ಜನ ಓದುತ್ತಾರೆ.

ಗಣಿತಪ್ರಿಯ

87 ಎಂಬ ಸಂಖ್ಯೆಯನ್ನು ಏಕೆ ಕೊಡಬೇಕು? ಒಂಬತ್ತು ಮನೆಗಳು ಕಟ್ಟಿಲ್ಲ ಎಂದು ನೇರವಾಗಿ ಬರೆದರೆ ಗಂಭೀರವಾಗಿ ಕಾಣುತ್ತದೆ. ಲೆಕ್ಕ ಎರಡೂ ಕಡೆಯಿಂದ ಒಂದೇ ತಾನೇ?

ಕರಡು ತಿದ್ದುವವಳು

ಲೆಕ್ಕ ಒಂದೇ, ಓದು ಬೇರೆ. ಒಂಬತ್ತು ಮನೆಗಳು ಕಟ್ಟಿಲ್ಲ ಎಂದಾಗ, ಕಟ್ಟದೆಯೂ ಇಲ್ಲಿ ಇರಬಹುದು ಎಂಬ ಸುದ್ದಿ 87 ಮನೆಗಳಿಗೂ ಹೋಗುತ್ತದೆ. ಬ್ರಿಟನ್ನಿನ ತೆರಿಗೆ ಇಲಾಖೆ ಬಾಕಿದಾರರಿಗೆ ಬರೆದ ಪತ್ರಗಳಲ್ಲಿ ಹತ್ತರಲ್ಲಿ ಒಂಬತ್ತು ಜನ ಸಮಯಕ್ಕೆ ಸರಿಯಾಗಿ ಕಟ್ಟುತ್ತಾರೆ ಎಂಬ ಒಂದು ವಾಕ್ಯವನ್ನು ಸೇರಿಸಿ ಪರೀಕ್ಷಿಸಿತ್ತು, ಆ ವಾಕ್ಯವಿದ್ದ ಪತ್ರಗಳಿಗೆ ಹಣ ಹೆಚ್ಚು ಬಂತು. ಗಮನಿಸಿ, ಅವು ಒಬ್ಬೊಬ್ಬರಿಗೆ ಹೋದ ಖಾಸಗಿ ಪತ್ರಗಳು. ಹಾಗೆಯೇ, ಅರ್ಧಕ್ಕರ್ಧ ಮನೆಗಳು ಕಟ್ಟಿಲ್ಲದ ಸಮುಚ್ಚಯದಲ್ಲಿ ಈ ವಾಕ್ಯ ತಿರುಗುಬಾಣವಾಗುತ್ತದೆ.

ಲೆಕ್ಕದ ಪುಸ್ತಕ

ಬಾಕಿ ಒಂದೋ ಎರಡೋ ಮನೆಯದ್ದಾಗಿದ್ದರೆ ಮನೆಗಳ ಎಣಿಕೆಯನ್ನೇ ಕೊಡಬೇಡಿ ಎನ್ನುತ್ತೇನೆ. ಆಗ ಇಡೀ ಸಮುಚ್ಚಯ ಆ ಎರಡು ಮನೆ ಯಾವುವೆಂದು ಪತ್ತೇದಾರಿಕೆಗೆ ಇಳಿಯುತ್ತದೆ. ಏಳಕ್ಕೆ ಪರವಾಗಿಲ್ಲ ಎಂದು ನನ್ನ ಭಾವನೆ.

ಬಾಡಿಗೆಮನೆ

ನನಗೆ ಏಳಕ್ಕೂ ಒಪ್ಪಿಗೆಯಿಲ್ಲ. ಜನ ಹುಡುಕಲು ಕುಳಿತರೆ ಏಳನ್ನೂ ಹುಡುಕುತ್ತಾರೆ. ಇಷ್ಟು ಭಾಗ ಸಂದಾಯವಾಗಿದೆ ಎಂದು ಹಣದ ಲೆಕ್ಕದಲ್ಲಿ ಹೇಳಿದರೆ ಸಾಲದೇ?

ನೇರನುಡಿ

ಹೀಗೆ ಒಂದೊಂದಾಗಿ ಎಲ್ಲವನ್ನೂ ಮುಚ್ಚಿಟ್ಟರೆ ಕಟ್ಟಿದವರಿಗೆ ಸಿಗುವ ಉತ್ತರವೇನು? ನಾನು ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಕಟ್ಟುವವನು. ನನ್ನ ಸಂಘ ವಸೂಲಿ ಮಾಡುತ್ತಿದೆಯೋ ಇಲ್ಲವೋ ಎಂಬುದು ನನಗೆ ಗೊತ್ತಾಗಬೇಕು. ಎಣಿಕೆಯನ್ನಾದರೂ ಉಳಿಸಿ.

ಕರಡು ತಿದ್ದುವವಳು

ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ಕಟ್ಟಿದವರೂ ಈ ಸೂಚನೆಯ ಓದುಗರೇ, ಅವರಿಗೆ ಕಾಣಬೇಕಾದದ್ದು ಸಮಿತಿಯ ಕೆಲಸ. ಅದಕ್ಕೆ ಯಾರ ಹೆಸರೂ ಬೇಕಾಗಿಲ್ಲ.

ಹೊಸ ಕಾರ್ಯದರ್ಶಿ

ಏಳು ಮನೆಗಳಿಗೂ ಲಕೋಟೆ ಹೋಯಿತು, ಅದರಲ್ಲಿ ಒಂದು ಅಂಚೆಯ ಮೂಲಕ ಬೇರೆ ಊರಿನ ಮಾಲೀಕರಿಗೆ. ಪತ್ರಕ್ಕೂ ಸೂಚನೆಗೂ ನಡುವೆ ಏಳು ದಿನ ಬಿಡಬೇಕೆಂಬ ಕಾರಣಕ್ಕೆ ಸುದ್ದಿಪತ್ರವನ್ನೇ ಐದು ದಿನ ಮುಂದೂಡಿಸಿದೆ, ಅದಕ್ಕಾಗಿ ಸಮಿತಿಯಲ್ಲಿ ಒಂದಿಷ್ಟು ಗೊಣಗಾಟ ಕೇಳಬೇಕಾಯಿತು. ಅಚ್ಚಿಗೆ ಹೋಗುವ ಪಠ್ಯ ಇದು:

«ನಿರ್ವಹಣಾ ಶುಲ್ಕ: ಪಾವತಿಯ ಕೊನೆಯ ದಿನ ಮುಂದಿನ ತಿಂಗಳ 15

ಕಳೆದ ಮೂರು ತಿಂಗಳ ನಿರ್ವಹಣಾ ಶುಲ್ಕವನ್ನು 96ರಲ್ಲಿ 87 ಮನೆಗಳು ಪೂರ್ತಿಯಾಗಿ ಪಾವತಿಸಿವೆ. ಬಾಕಿ ಉಳಿದಿರುವ ಮನೆಗಳ ಮಾಲೀಕರಿಗೆ ತಿಂಗಳುವಾರು ವಿವರದೊಂದಿಗೆ ಪ್ರತ್ಯೇಕ ಪತ್ರವನ್ನು ಕಳುಹಿಸಲಾಗಿದೆ. ಪತ್ರ ಬಾರದ ಮನೆಗಳಿಗೆ ಈ ಸೂಚನೆ ಅನ್ವಯಿಸುವುದಿಲ್ಲ.

ಪತ್ರದಲ್ಲಿ ನಮೂದಿಸಿರುವ ಮೊತ್ತವು 15ರ ಸಂಜೆಯೊಳಗೆ ಸಂಘದ ಖಾತೆಗೆ ಜಮೆಯಾಗಿರಬೇಕು. ಹಣ ಹಾಕುವಾಗ ಮನೆ ಸಂಖ್ಯೆಯನ್ನು ತಪ್ಪದೆ ನಮೂದಿಸಿ. ಲೆಕ್ಕದ ಬಗ್ಗೆ ಆಕ್ಷೇಪಣೆಯಿದ್ದರೆ, ಅಥವಾ ಕಂತುಗಳಲ್ಲಿ ಪಾವತಿಸಬೇಕಿದ್ದರೆ, 10ರೊಳಗೆ ಖಜಾಂಚಿಯವರಿಗೆ ಬರೆದು ತಿಳಿಸಿ. ಹಾಗೆ ಬರೆದುಕೊಟ್ಟವರ ವಿಷಯವನ್ನು ಸಮಿತಿಯು ಗುಟ್ಟಾಗಿಯೇ ಪರಿಶೀಲಿಸಿ ಲಿಖಿತ ಉತ್ತರ ಕೊಡುತ್ತದೆ. 15ರ ನಂತರವೂ ಉಳಿಯುವ ಬಾಕಿಗೆ ಸಮಿತಿಯು 16ರಂದು ನೋಟಿಸು ಕಳುಹಿಸುತ್ತದೆ ಮತ್ತು ಉಪನಿಯಮದಲ್ಲಿರುವ ವಿಳಂಬ ಶುಲ್ಕವನ್ನು ಸೇರಿಸುತ್ತದೆ.»

ಮೂರನೇ ಮಹಡಿ

«ಪತ್ರ ಬಾರದ ಮನೆಗಳಿಗೆ ಅನ್ವಯಿಸುವುದಿಲ್ಲ» ಎಂಬ ವಾಕ್ಯ ಚೆನ್ನಾಗಿದೆ. ಹೆಗಲು ಮುಟ್ಟಿ ನೋಡಿಕೊಳ್ಳುವ ಪಾಪದವರು ನೆಮ್ಮದಿಯಿಂದ ಉಣ್ಣಬಹುದು.

ಲೆಕ್ಕದ ಪುಸ್ತಕ

ಆದರೆ ಅಂಚೆಯಲ್ಲಿ ಪತ್ರ ಕಳೆದುಹೋದರೆ ಆ ಮಾಲೀಕರು ಇದೇ ವಾಕ್ಯವನ್ನು ನಿಮಗೆ ತೋರಿಸುತ್ತಾರೆ. ಸ್ಪೀಡ್ ಪೋಸ್ಟಿನಲ್ಲಿ ನೋಂದಾಯಿಸಿ ಕಳುಹಿಸಿದ್ದೀರಾ?

ಕರಡು ತಿದ್ದುವವಳು

«ಗುಟ್ಟಾಗಿಯೇ» ಎಂಬುದು ಪಿಸುಮಾತಿನಂತೆ ಕೇಳುತ್ತದೆ, «ಗೋಪ್ಯವಾಗಿ» ಎಂದು ಮಾಡಿ. «ಕಳುಹಿಸಲಾಗಿದೆ» ಎಂಬಲ್ಲಿ ಕರ್ತೃ ಮತ್ತೆ ಮಾಯವಾಗಿದ್ದಾನೆ, «ಸಮಿತಿಯು ಕಳುಹಿಸಿದೆ» ಎಂದು ತಿದ್ದಿ.

ನೇರನುಡಿ

16ನೇ ತಾರೀಖು ನೋಟಿಸು ಹೋಯಿತೋ ಇಲ್ಲವೋ ಎಂದು 17ಕ್ಕೆ ಇಲ್ಲಿಯೇ ಬಂದು ಕೇಳುತ್ತೇನೆ.

ಹೊಸ ಕಾರ್ಯದರ್ಶಿ

ಕೇಳಿ. ಎರಡೂ ಪದಗಳನ್ನು ತಿದ್ದಿದೆ. ಪತ್ರ ಹೋದದ್ದು ಸಾಧಾರಣ ಅಂಚೆಯಲ್ಲಿ, ನಾಳೆ ಬೆಳಿಗ್ಗೆ ಇನ್ನೊಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ನೋಂದಾಯಿಸಿ ಹಾಕುತ್ತೇನೆ.